ಸ್ಯಾನಿಟೈಸರ್ ಉರಿಯುತ್ತದೆ ಅಂತ ಸೋಪಿನ ಕಡೆ ಓಡಬೇಡಿ: ಒಡೆದ ಕೈಯನ್ನು ಸರಿಮಾಡಿಕೊಳ್ಳುವ ದಾರಿ

"ಸಿಸ್ಟರ್, ಸ್ಯಾನಿಟೈಸರ್ ಹಾಕಿದ್ರೆ ಕೈ ಉರಿ ಕಿತ್ಕೊಂಡು ಬರುತ್ತೆ. ಅದನ್ನ ಬಿಟ್ಟು ಸೋಪಲ್ಲೇ ತೊಳೀತಿದೀನಿ. ಆದ್ರೂ ಕಡಿಮೆ ಆಗ್ತಿಲ್ಲ, ಯಾಕೆ?"

ದಾವಣಗೆರೆಯಲ್ಲಿ ನರ್ಸ್ ಆಗಿರುವ ನನ್ನನ್ನು ಇಷ್ಟು ಸಲ ಕೇಳಿದ ಪ್ರಶ್ನೆ ಇನ್ನೊಂದಿಲ್ಲ. ಜೊತೆಗೆ ಕೆಲಸ ಮಾಡುವ ಹುಡುಗಿಯರು ಕೇಳುತ್ತಾರೆ, ಓಣಿಯ ಅಕ್ಕಂದಿರು ಕೇಳುತ್ತಾರೆ, ದೋಸೆ ಹೋಟೆಲಿನಲ್ಲಿ ಹಿಟ್ಟು ರುಬ್ಬುವವರೂ ಕೇಳಿದ್ದಾರೆ. ಎಲ್ಲರೂ ಮಾಡುವ ತಪ್ಪು ಒಂದೇ. ಉರಿಯುವುದನ್ನು ಬಿಟ್ಟು, ನಿಜವಾಗಿ ಕೈ ಕೆಡಿಸಿದ್ದನ್ನೇ ಇನ್ನೂ ಜಾಸ್ತಿ ಮಾಡುತ್ತಾರೆ. ಅದಕ್ಕೇ ಇದನ್ನು ಒಂದು ಕಡೆ ಪೂರ್ತಿ ಬರೆದಿಡುತ್ತಿದ್ದೇನೆ.

ಮೊದಲು ಇದು ಏನು ಅಂತ ತಿಳಿದುಕೊಳ್ಳೋಣ. ಡಾಕ್ಟರು ಚೀಟಿಯಲ್ಲಿ ಬರೆಯುವ ಹೆಸರು ಕಾಂಟ್ಯಾಕ್ಟ್ ಡರ್ಮಟೈಟಿಸ್. ಅಂದರೆ ಚರ್ಮಕ್ಕೆ ಏನೋ ತಾಕಿ ತಾಕಿ ಬರುವ ಇಸುಬು. ಇದರಲ್ಲಿ ಎರಡು ಬಗೆ. ಒಂದು ಅಲರ್ಜಿ, ಇನ್ನೊಂದು ಬರೀ ಸವೆತ. ನಮ್ಮಂಥವರ ಕೈಯಲ್ಲಿ ಹೆಚ್ಚಾಗಿ ಕಾಣುವುದು ಸವೆತವೇ. ಚರ್ಮದ ಮೇಲ್ಪದರವನ್ನು ಇಟ್ಟಿಗೆ ಗೋಡೆ ಅಂದುಕೊಳ್ಳಿ. ಸತ್ತ ಜೀವಕೋಶಗಳು ಇಟ್ಟಿಗೆ, ನಡುವೆ ಇರುವ ಎಣ್ಣೆಯಂಶ ಗಾರೆ. ನೀರು ಆ ಇಟ್ಟಿಗೆಗಳನ್ನು ಉಬ್ಬಿಸುತ್ತದೆ, ಸೋಪು ಗಾರೆಯನ್ನು ಕರಗಿಸಿ ನೀರಿನ ಜೊತೆ ಹರಿಸಿಕೊಂಡು ಹೋಗುತ್ತದೆ. ಒಂದೆರಡು ಸಲಕ್ಕೆ ಏನೂ ಆಗುವುದಿಲ್ಲ, ಚರ್ಮ ಮತ್ತೆ ಗಾರೆ ತುಂಬಿಕೊಳ್ಳುತ್ತದೆ. ಆದರೆ ತುಂಬಿಕೊಳ್ಳುವುದಕ್ಕೆ ಬಿಡದೆ ಮತ್ತೆ ಮತ್ತೆ ತೊಳೆದರೆ ಗೋಡೆ ಸಂದು ಬಿಡುತ್ತದೆ. ಸಂದಿಯಿಂದ ಒಳಗಿನ ತೇವ ಹೊರಗೆ ಹೋಗುತ್ತದೆ, ಹೊರಗಿನ ಸೋಪು, ಖಾರ, ಹುಳಿ ಒಳಗೆ ಇಳಿಯುತ್ತದೆ. ಆಗಲೇ ಉರಿ, ನವೆ, ಬಿರುಕು.

ಶುರುವಾಗುವ ಜಾಗವನ್ನು ನೋಡಿದರೂ ಗೊತ್ತಾಗುತ್ತದೆ. ಸಾಮಾನ್ಯವಾಗಿ ಬೆರಳ ಸಂದಿಯಲ್ಲಿ, ಉಂಗುರದ ಕೆಳಗೆ, ಆಮೇಲೆ ಮುಂಗೈ ಹಿಂಬದಿಗೆ ಬರುತ್ತದೆ. ಈಗಲೇ ಉಂಗುರ ತೆಗೆದು ನೋಡಿ. ಅದರ ಕೆಳಗೆ ಕೆಂಪಗೆ, ಒರಟಾಗಿ, ಹೊಟ್ಟು ಎದ್ದಂತೆ ಇದ್ದರೆ ಸೋಪು ಅಲ್ಲಿ ನಿಂತು ನಿಂತು ಆಗಿರುವುದು.

ಬೇಕಾಗಿರುವ ಸಾಮಾನು ಕಡಿಮೆ: ವಾಸನೆ ಹಾಕದ ದಪ್ಪ ಕ್ರೀಮಿನ ಒಂದು ದೊಡ್ಡ ಡಬ್ಬಿ, ಪೆಟ್ರೋಲಿಯಂ ಜೆಲ್ಲಿ, ತೆಳು ಹತ್ತಿ ಗ್ಲೌಸ್ ಮೂರು ನಾಲ್ಕು ಜೊತೆ, ಪಾತ್ರೆ ತಿಕ್ಕಲು ಮೊಣಕೈವರೆಗೆ ಬರುವ ಉದ್ದನೆಯ ಗ್ಲೌಸ್ ಒಂದು ಜೊತೆ. ಜೊತೆಗೆ ಒಂದು ಚೀಟಿ, ಪೆನ್ನು. ಚೀಟಿ ಯಾಕೆ ಅಂತ ಈಗ ಹೇಳುತ್ತೇನೆ.

1. ಒಂದು ದಿನ ಪೂರ್ತಿ ಎಣಿಸಿ

ಔಷಧಿಗೆ ಮುಂಚೆ ಲೆಕ್ಕ ಬೇಕು. ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಕೈಗೆ ಸೋಪು ಅಥವಾ ನೀರು ತಾಕಿದಾಗಲೆಲ್ಲ ಒಂದು ಗೀಟು ಎಳೆಯಿರಿ. ಚರ್ಮರೋಗದ ಡಾಕ್ಟರುಗಳು ಇದಕ್ಕೆ ಒದ್ದೆ ಕೆಲಸ ಅನ್ನುತ್ತಾರೆ. ದಿನಕ್ಕೆ ಸುಮಾರು 20 ಸಲಕ್ಕಿಂತ ಹೆಚ್ಚು ಕೈ ತೊಳೆದರೆ, ಇಲ್ಲವೇ 2 ಗಂಟೆಗಿಂತ ಹೆಚ್ಚು ಕೈ ಒದ್ದೆಯಲ್ಲಿದ್ದರೆ, ಇಲ್ಲವೇ ಅಷ್ಟೇ ಹೊತ್ತು ಗಾಳಿಯಾಡದ ಗ್ಲೌಸ್ ಒಳಗಿದ್ದರೆ ಅದು ಒದ್ದೆ ಕೆಲಸ. ಗ್ಲೌಸ್ ಯಾಕೆ ಸೇರಿತು ಅಂದರೆ, ಒಳಗೆ ಬೆವರು ನಿಂತು ಕೈ ನೆನೆಯುತ್ತದೆ.

ನಮ್ಮ ವಾರ್ಡಿನ ಒಬ್ಬ ಕಿರಿಯ ಸಿಸ್ಟರ್ ಲೆಕ್ಕವನ್ನೇ ಇಲ್ಲಿ ಕೊಡುತ್ತೇನೆ, ಅವಳೇ ಬರೆಯಿರಿ ಅಂದಿದ್ದಾಳೆ. ಬೆಳಗಿನ ಡ್ಯೂಟಿ. ವಾರ್ಡಿನಲ್ಲಿ ಸೋಪು ಹಾಕಿ ತೊಳೆದದ್ದು 19 ಸಲ. ಮನೆಯಲ್ಲಿ 14: ಬೆಳಿಗ್ಗೆ ಮುಸುರೆ, ತಿಂಡಿ ಮಾಡುವಾಗ ನಡುನಡುವೆ, ಮಗುವನ್ನು ತೊಳೆಸಿದ್ದು, ಬಟ್ಟೆ ಒಗೆದದ್ದು, ಸಂಜೆ ರೊಟ್ಟಿ ಹಿಟ್ಟು ನಾದಿದ ಮೇಲೆ, ರಾತ್ರಿ ಮತ್ತೆ ಮುಸುರೆ. ಒಟ್ಟು 33. ಸ್ಯಾನಿಟೈಸರ್ ಎಷ್ಟು ಸಲ ಅಂತ ಕೇಳಿದೆ. ಸೊನ್ನೆ. ಉರಿಯುತ್ತದೆ ಅಂತ ಎರಡು ತಿಂಗಳಿಂದ ಮುಟ್ಟಿರಲಿಲ್ಲ. ಅಷ್ಟೂ ದಿನ ಎಲ್ಲರಿಗೂ ಅವಳು ಹೇಳಿಕೊಂಡು ಬಂದದ್ದು "ನನಗೆ ಸ್ಯಾನಿಟೈಸರ್ ಅಲರ್ಜಿ" ಅಂತ.

ಮನೆಯ ಲೆಕ್ಕ ಬಿಟ್ಟು ಬರೀ ಡ್ಯೂಟಿಯದನ್ನೇ ಬರೆಯುವುದು ಇಲ್ಲಿ ಆಗುವ ತಪ್ಪು. ಚರ್ಮಕ್ಕೆ ಡ್ಯೂಟಿ ಯಾವುದು, ಮನೆ ಯಾವುದು ಗೊತ್ತಾಗುವುದಿಲ್ಲ, ಎಲ್ಲ ಒಟ್ಟು ಸೇರುತ್ತದೆ.

2. ಉರಿ ಎಲ್ಲಿಂದ ಬರುತ್ತಿದೆ ಅಂತ ಪರೀಕ್ಷೆ ಮಾಡಿ

ಒಂದು ಸಣ್ಣ ಪರೀಕ್ಷೆ ಇದೆ, ಒಂದು ನಿಮಿಷ ಸಾಕು. ನಿಮಗೆ ಉರಿಯುವ ಅದೇ ಸ್ಯಾನಿಟೈಸರ್ ಒಂದು ಹನಿ ತೆಗೆದು ಮೊಣಕೈಯ ಒಳಬದಿಗೆ, ಚರ್ಮ ಚೆನ್ನಾಗಿರುವ ಕಡೆ ಸವರಿ. ತಣ್ಣಗಾಗಿ ಆರಿಹೋಗುತ್ತದೆ, ಅಷ್ಟೇ ಅಲ್ವಾ? ಅಲ್ಲಿ ಉರಿಯದೆ ಬೆರಳ ಸಂದಿಯಲ್ಲಿ ಮಾತ್ರ ಉರಿದರೆ, ಅಲ್ಲಿ ಚರ್ಮ ಮೊದಲೇ ಒಡೆದಿದೆ ಅಂತ ಅರ್ಥ. ಗಾಯಕ್ಕೆ ಸ್ಪಿರಿಟ್ ಹಾಕಿದರೆ ಉರಿಯುವ ಹಾಗೆ. ಸೋಪು ಹಾಕಿದಾಗ ಅಷ್ಟು ಉರಿಯುವುದಿಲ್ಲ, ಅದಕ್ಕೇ ಅದು ಮೆತ್ತಗಿದೆ ಅಂತ ಅನಿಸುತ್ತದೆ. ಗೋಡೆ ಕೆಡವುತ್ತಿರುವುದು ಅದೇ.

ಸ್ಯಾನಿಟೈಸರಿನಲ್ಲಿರುವ ಸ್ಪಿರಿಟ್ ಕೂಡ ಚರ್ಮದ ಎಣ್ಣೆಯನ್ನು ಸ್ವಲ್ಪ ಕರಗಿಸುತ್ತದೆ. ಆದರೆ ಅದನ್ನು ನಾವು ನೀರು ಹಾಕಿ ತೊಳೆಯುವುದಿಲ್ಲ. ಸ್ಪಿರಿಟ್ ಆರಿಹೋಗುತ್ತದೆ, ಕರಗಿದ ಎಣ್ಣೆ ಬಹುಪಾಲು ಕೈ ಮೇಲೇ ಉಳಿಯುತ್ತದೆ. ಒಳ್ಳೆಯ ಸ್ಯಾನಿಟೈಸರಿನಲ್ಲಿ ಗ್ಲಿಸರಿನ್ ಸಹ ಇರುತ್ತದೆ, ಅದು ತೇವ ಹಿಡಿದಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳಿಕೊಟ್ಟಿರುವ ಮಿಶ್ರಣದಲ್ಲಿ 80% ಎಥನಾಲ್ ಅನ್ನುವ ಸ್ಪಿರಿಟ್ ಜೊತೆ 1.45% ಗ್ಲಿಸರಿನ್ ಸೇರಿರುವುದು ಅದಕ್ಕೇ. ಕೊಳ್ಳುವಾಗ ಬಾಟಲಿ ತಿರುಗಿಸಿ ನೋಡಿ. ಸ್ಪಿರಿಟ್ 60% ಮೇಲಿರಬೇಕು, ಆಸ್ಪತ್ರೆಗಾದರೆ 70ರಿಂದ 80. ಗ್ಲಿಸರಿನ್ ಹೆಸರಿರಬೇಕು. ಗುಲಾಬಿ, ನಿಂಬೆ ವಾಸನೆಯದು ಬೇಡ. ಸ್ಪಿರಿಟಿಗೇ ಅಲರ್ಜಿ ಆಗುವುದು ತೀರಾ ಅಪರೂಪ, ವಾಸನೆಗೆ ಹಾಕುವ ವಸ್ತುವಿಗೆ ಅಲರ್ಜಿ ಆಗಬಹುದು.

ಈಗ ಆ ಸಿಸ್ಟರ್ ಚೀಟಿಗೆ ವಾಪಸ್ ಬನ್ನಿ. ವಾರ್ಡಿನ 19ರಲ್ಲಿ ಸೋಪು ನಿಜವಾಗಿ ಬೇಕಿದ್ದದ್ದು ಎಷ್ಟು ಅಂತ ಇಬ್ಬರೂ ಕೂತು ನೋಡಿದೆವು. ಕೈಗೆ ರಕ್ತವೋ ಕಫವೋ ಕಣ್ಣಿಗೆ ಕಾಣುವ ಹಾಗೆ ಹತ್ತಿದ್ದು ಎರಡು ಸಲ, ಭೇದಿ ಆಗುತ್ತಿದ್ದ ರೋಗಿಯ ಹತ್ತಿರ ಹೋಗಿ ಬಂದದ್ದು ಎರಡು ಸಲ, ಶೌಚಾಲಯ ಒಂದು, ಊಟಕ್ಕೆ ಮುಂಚೆ ಒಂದು. ಒಟ್ಟು 6. ಉಳಿದ 13 ಬಿ.ಪಿ. ನೋಡಿದ ಮೇಲೆ, ಡ್ರಿಪ್ ಸರಿಮಾಡುವ ಮುಂಚೆ, ಒಂದು ಮಂಚದಿಂದ ಇನ್ನೊಂದು ಮಂಚಕ್ಕೆ ಹೋಗುವಾಗ, ಗ್ಲೌಸ್ ಬಿಚ್ಚಿದ ಮೇಲೆ. ಕೈ ಶುದ್ಧಿ ಆ 13ಕ್ಕೂ ಬೇಕೇ ಬೇಕು, ಒಂದನ್ನೂ ಬಿಡುವ ಹಾಗಿಲ್ಲ. ಆದರೆ ಅಲ್ಲಿ ಕೈ ಕೊಳೆಯಾಗಿರಲಿಲ್ಲ, ಸ್ಯಾನಿಟೈಸರ್ ಸಾಕಿತ್ತು. ಹಾಗಾಗಿ ಆ 13 ಸಲದ್ದು ಸೋಪಿನಿಂದ ಸ್ಯಾನಿಟೈಸರಿಗೆ ಹೋಯಿತು.

ಸ್ಯಾನಿಟೈಸರ್ ಕೆಲಸ ಮಾಡದ ಕಡೆಯೂ ಇದೆ, ಅದನ್ನು ಮರೆಯಬೇಡಿ. ಜಿಡ್ಡು, ಮಣ್ಣು, ರಕ್ತ ಹತ್ತಿದ ಕೈಗೆ ಅದು ಸಾಲದು. ಭೇದಿ ತರುವ ಕೆಲವು ರೋಗಾಣುಗಳು ಸ್ಪಿರಿಟಿಗೆ ಸರಿಯಾಗಿ ಸಾಯುವುದಿಲ್ಲ, ಅಲ್ಲಿ ಸೋಪು ನೀರೇ ಬೇಕು.

ತಪ್ಪುಗಳಲ್ಲಿ ದೊಡ್ಡದು ಎರಡನ್ನೂ ಒಟ್ಟಿಗೆ ಮಾಡುವುದು. ಸೋಪಲ್ಲಿ ತೊಳೆದು, ಕೈ ಇನ್ನೂ ಒದ್ದೆ ಇರುವಾಗಲೇ ಮೇಲೆ ಸ್ಯಾನಿಟೈಸರ್ ಹಾಕುವುದು. ಸೋಪು ಗಾರೆ ತೆಗೆದ ಮರುಕ್ಷಣ ಸ್ಪಿರಿಟ್ ಒಳಗೆ ಹೋಗುತ್ತದೆ, ನೀರು ಬೆರೆತು ಸ್ಪಿರಿಟ್ ತೆಳುವಾಗುವುದರಿಂದ ರೋಗಾಣುವೂ ಸರಿಯಾಗಿ ಸಾಯುವುದಿಲ್ಲ. ಎರಡರಲ್ಲಿ ಒಂದು ಮಾಡಿ. ಸ್ಯಾನಿಟೈಸರ್ ಆದರೆ ಒಣ ಕೈಗೆ ಹಾಕಿ, ಅದಾಗಿಯೇ ಆರುವವರೆಗೆ 20ರಿಂದ 30 ಸೆಕೆಂಡು ಉಜ್ಜಿ. ಸೀರೆಗೋ ಏಪ್ರನ್‌ಗೋ ಒರೆಸಬೇಡಿ.

ಬಿರುಕು ಬಾಯಿ ಬಿಟ್ಟು ರಕ್ತ ಬರುತ್ತಿದ್ದರೆ ಈ ಬದಲಾವಣೆ ಮೊದಲ ದಿನವೇ ಆಗುವುದಿಲ್ಲ. ಸಹಿಸಿಕೊಂಡು ಹಾಕಿ ಅಂತ ನಾನು ಹೇಳುವುದಿಲ್ಲ. ಮೊದಲು ಚರ್ಮರೋಗದ ಡಾಕ್ಟರಿಗೆ ತೋರಿಸಿ, ಇನ್‌ಚಾರ್ಜ್ ಸಿಸ್ಟರಿಗೆ ಹೇಳಿ, ಒಂದೆರಡು ವಾರ ಒದ್ದೆ ಕಡಿಮೆ ಇರುವ ಕೆಲಸ ಕೇಳಿ. ಒಡೆದ ಕೈಯಲ್ಲಿ ರೋಗಾಣು ಕೂತುಕೊಳ್ಳುವುದು ಸುಲಭ, ಅದು ರೋಗಿಗೂ ಅಪಾಯ. ಕೇಳುವುದಕ್ಕೆ ಸಂಕೋಚ ಬೇಡ.

3. ತೊಳೆಯಲೇಬೇಕಾದಾಗ ಹೀಗೆ ತೊಳೆಯಿರಿ

ಉಂಗುರ ತೆಗೆದಿಡಿ. ಬಿಸಿನೀರು ಬೇಡ, ಎಣ್ಣೆ ಅಂಟಿದ ತಟ್ಟೆಗೆ ಬಿಸಿನೀರು ಮಾಡುವ ಕೆಲಸವನ್ನೇ ಅದು ಕೈಗೂ ಮಾಡುತ್ತದೆ. ತಣ್ಣೀರು ಅಥವಾ ಉಗುರುಬೆಚ್ಚಗಿನದು ಸಾಕು. ಮೊದಲು ಕೈ ಒದ್ದೆ ಮಾಡಿ, ಆಮೇಲೆ ಸೋಪು. ಒಣ ಕೈಗೆ ನೇರ ಸೋಪು ಹಾಕಿದರೆ ಅದು ಒಂದೇ ಕಡೆ ಗಟ್ಟಿಯಾಗಿ ಕೂರುತ್ತದೆ.

ಸೋಪು ಯಾವುದು ಅನ್ನೋದು ಮುಖ್ಯ. ನಮ್ಮ ಚರ್ಮ ಸ್ವಲ್ಪ ಹುಳಿ ಗುಣದ್ದು, ಪಿಎಚ್ ಲೆಕ್ಕದಲ್ಲಿ 5ರ ಆಸುಪಾಸು. ಮಾಮೂಲಿ ಸೋಪು 9ರಿಂದ 10, ಅಂದರೆ ಕ್ಷಾರ. ಸಿಂಡೆಟ್ ಅಂತ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಅದು ಸೋಪಿನ ಹಾಗೆ ಕೊಳೆ ತೆಗೆಯುತ್ತದೆ, ಆದರೆ ಸೋಪಿನ ಕ್ಷಾರ ಇರುವುದಿಲ್ಲ. ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆ ಬೋರ್ ನೀರು ಬಳಸುವವರಿಗೆ ಇದರಿಂದ ಇನ್ನೊಂದು ಅನುಕೂಲ ಇದೆ. ಗಡಸು ನೀರಿನಲ್ಲಿ ಮಾಮೂಲಿ ಸೋಪು ನೊರೆ ಬರುವುದಿಲ್ಲ, ಅದಕ್ಕೆ ನಾವು ಎರಡರಷ್ಟು ಉಜ್ಜುತ್ತೇವೆ, ಮತ್ತೆ ನೀರಿನ ಸುಣ್ಣದಂಶದ ಜೊತೆ ಸೇರಿದ ಸೋಪು ಜಿಗುಟಾಗಿ ಕೈ ಮೇಲೇ ಉಳಿಯುತ್ತದೆ. ಬಕೆಟ್ಟಿನ ಒಳಗೆ ಬಿಳಿ ಪಟ್ಟೆ ಕಟ್ಟುತ್ತದಲ್ಲ, ಅದೇ ಜಾತಿಯದ್ದು. ಸಿಂಡೆಟ್‌ಗೆ ಆ ಜಿಗುಟು ಕಟ್ಟುವುದಿಲ್ಲ.

ತೊಳೆದ ಮೇಲೆ ಬೆರಳ ಸಂದಿಯನ್ನು ಬಿಡಿಸಿ ಎರಡು ಸಲ ನೀರು ಹಾಯಿಸಿ. ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಒತ್ತಿ ಒತ್ತಿ ಆರಿಸಿ, ಉಜ್ಜಬೇಡಿ. ಸಂದಿ ಒದ್ದೆ ಇದ್ದರೆ ಅಲ್ಲಿಂದಲೇ ಮತ್ತೆ ಶುರುವಾಗುತ್ತದೆ.

ಕೈ ತೊಳೆಯುವ ನೀರಿಗೆ ಆಂಟಿಸೆಪ್ಟಿಕ್ ದ್ರವ ಸುರಿಯುವುದು, ಒಡೆದ ಕೈಗೆ ನಿಂಬೆಹಣ್ಣು ಉಜ್ಜುವುದು, ಅರಿಶಿನ ಮೆತ್ತುವುದು ಎಲ್ಲ ನಿಲ್ಲಿಸಿ. ಒಳ್ಳೆಯದಾಗಲಿ ಅಂತಲೇ ಮಾಡುತ್ತೀರಿ, ಗೊತ್ತು. ಆದರೆ ಸಂದು ಬಿಟ್ಟ ಗೋಡೆಯ ಒಳಗೆ ಅವು ನೇರ ಇಳಿದು ಉರಿ ಜಾಸ್ತಿ ಮಾಡುತ್ತವೆ.

4. ಕ್ರೀಮು: ಯಾವಾಗ, ಎಷ್ಟು

"ಕ್ರೀಮ್ ಹಚ್ತಾನೇ ಇದೀನಿ, ಏನೂ ಆಗಿಲ್ಲ" ಅನ್ನುವವರನ್ನು ನಾನು ಮೊದಲು ಕೇಳುವುದು, ಡಬ್ಬಿ ತಗೊಂಡು ಎಷ್ಟು ದಿನ ಆಯ್ತು ಅಂತ. ಲೆಕ್ಕ ಹೀಗಿದೆ. ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಟ್ಯೂಬಿನಿಂದ ಒಂದು ಗೆರೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅದು ಒಂದು ಕೈಗೆ, ಹಿಂದೆ ಮುಂದೆ ಸೇರಿ, ಸಾಕು. ಎರಡೂ ಕೈಗೆ ಒಂದು ಗ್ರಾಂ. ದಿನಕ್ಕೆ ಆರು ಸಲ ಅಂದರೆ 6 ಗ್ರಾಂ. 100 ಗ್ರಾಂ ಡಬ್ಬಿ ಹದಿನಾರು ಹದಿನೇಳು ದಿನ ಬರಬೇಕು. ನಿಮ್ಮ 50 ಗ್ರಾಂ ಟ್ಯೂಬು ಎರಡು ತಿಂಗಳಾದರೂ ಮುಗಿದಿಲ್ಲ ಅಂದರೆ ನೀವು ಹಚ್ಚುತ್ತಿಲ್ಲ, ಸುಮ್ನೆ ಸವರುತ್ತಿದ್ದೀರಿ.

ದುಬಾರಿಯದು ಬೇಕಿಲ್ಲ. ವಾಸನೆ ಇಲ್ಲದ, ದಪ್ಪನೆಯದು ಇರಲಿ. ನೀರು ನೀರಾದ ಲೋಷನ್ ಇಸುಬಿಗೆ ಸಾಲದು. ಸೋಪಲ್ಲಿ ತೊಳೆದಾಗಲೆಲ್ಲ, ಕೈ ಒತ್ತಿ ಆರಿಸಿದ ಎರಡು ಮೂರು ನಿಮಿಷದ ಒಳಗೆ ಹಚ್ಚಿ. ಆಗ ಚರ್ಮದಲ್ಲಿ ಇನ್ನೂ ತೇವ ಇರುತ್ತದೆ, ಕ್ರೀಮು ಅದನ್ನು ಒಳಗೇ ಮುಚ್ಚಿಡುತ್ತದೆ. ಅಂಗೈಯಿಂದ ಶುರುಮಾಡಬೇಡಿ. ಒಂದು ಕೈಯ ಹಿಂಬದಿಯನ್ನು ಇನ್ನೊಂದರ ಹಿಂಬದಿಗೆ ತಿಕ್ಕಿ, ಆಮೇಲೆ ಸಂದಿ, ಆಮೇಲೆ ಉಗುರಿನ ಬುಡ, ಕೊನೆಗೆ ಅಂಗೈ. ಒಡೆದಿರುವುದು ಹಿಂಬದಿ, ಆದರೆ ಎಲ್ಲರ ಕ್ರೀಮೂ ಅಂಗೈಯಲ್ಲೇ ಖರ್ಚಾಗುತ್ತದೆ.

ರಾತ್ರಿಯ ಸರದಿ ಬೇರೆ, ನನ್ನ ಅನುಭವದಲ್ಲಿ ಕೈ ತಿರುಗುವುದೇ ಅದರಿಂದ. ಎಲ್ಲ ಕೆಲಸ ಮುಗಿದ ಮೇಲೆ ಪೆಟ್ರೋಲಿಯಂ ಜೆಲ್ಲಿಯನ್ನು ಧಾರಾಳವಾಗಿ ಮೆತ್ತಿ, ಬಿರುಕಿನ ಒಳಗೂ ಹೋಗುವ ಹಾಗೆ, ಮೇಲೆ ಹತ್ತಿ ಗ್ಲೌಸ್ ಹಾಕಿ ಮಲಗಿ. ಗ್ಲೌಸ್ ಇಲ್ಲದಿದ್ದರೆ ಒಗೆದ ಹತ್ತಿ ಸಾಕ್ಸ್ ಸಾಕು. ಕೊಬ್ಬರಿ ಎಣ್ಣೆ ಆಗುತ್ತಾ ಅಂತ ಕೇಳುತ್ತೀರಿ. ಹಚ್ಚಬಹುದು, ತೊಂದರೆ ಇಲ್ಲ, ಆದರೆ ಜೆಲ್ಲಿ ಮುಚ್ಚಿಡುವಷ್ಟು ಅದು ತೇವವನ್ನು ಮುಚ್ಚಿಡುವುದಿಲ್ಲ.

ನರ್ಸುಗಳಿಗೆ ಒಂದು ಎಚ್ಚರಿಕೆ: ಲ್ಯಾಟೆಕ್ಸ್ ಗ್ಲೌಸ್ ಹಾಕುವ ಮುಂಚೆ ಜೆಲ್ಲಿ, ಎಣ್ಣೆ ಮುಟ್ಟಬೇಡಿ. ಅದು ಆ ರಬ್ಬರನ್ನು ಸಡಿಲ ಮಾಡುತ್ತದೆ, ಕಣ್ಣಿಗೆ ಕಾಣದ ಹಾಗೆ ತೂತು ಬೀಳಬಹುದು. ಡ್ಯೂಟಿಯಲ್ಲಿ ನೀರಿನಂಶದ ಕ್ರೀಮು, ಅದೂ ಬಿಡುವಿನ ಹೊತ್ತಿಗೆ. ಜೆಲ್ಲಿ ಮನೆಗೆ.

5. ಗ್ಲೌಸ್ ಹಾಕುವುದಕ್ಕೂ ಕ್ರಮ ಇದೆ

ಒದ್ದೆ ಕೈಗೆ ಗ್ಲೌಸ್ ಹಾಕಬೇಡಿ. ಸೋಪಿನ ಅಂಶ ಉಳಿದಿದ್ದರೆ ಒಳಗೇ ಬೇಯುತ್ತದೆ. ಪಾತ್ರೆ ತಿಕ್ಕುವಾಗ, ಬಟ್ಟೆ ಒಗೆಯುವಾಗ, ಫಿನಾಯಿಲ್, ಬ್ಲೀಚಿಂಗ್ ಪೌಡರ್ ಹಿಡಿಯುವಾಗ ಒಳಗೆ ತೆಳು ಹತ್ತಿ ಗ್ಲೌಸ್, ಮೇಲೆ ಉದ್ದನೆಯ ಗ್ಲೌಸ್. ಇಪ್ಪತ್ತು ನಿಮಿಷಕ್ಕೊಮ್ಮೆ ಬಿಚ್ಚಿ ಕೈಗೆ ಗಾಳಿ ಕೊಡಿ. ಹತ್ತಿ ಒದ್ದೆಯಾದರೆ ಬದಲಿಸಿ, ಅದಕ್ಕೇ ಮೂರು ನಾಲ್ಕು ಜೊತೆ ಅಂದದ್ದು. ಮೇಲಿನ ಗ್ಲೌಸ್ ಒಳಗೆ ನೀರು ಹೊಕ್ಕರೆ ತಕ್ಷಣ ತೆಗೆಯಿರಿ, ಸೋಪುನೀರಿನ ಚೀಲದಲ್ಲಿ ಕೈ ಇಟ್ಟುಕೊಂಡ ಹಾಗಾಗುತ್ತದೆ ಅದು.

ಗೃಹಿಣಿಯರು ಇನ್ನೊಂದು ಮಾಡಬಹುದು. ಒಂದೊಂದೇ ಲೋಟ, ತಟ್ಟೆ ಆಗಾಗ ತೊಳೆಯುವ ಬದಲು ಎಲ್ಲ ಕೂಡಿಟ್ಟು ಎರಡೇ ಹೊತ್ತಿಗೆ ತಿಕ್ಕಿ. ಆ ಸಿಸ್ಟರ್ ಮನೆಯ 14 ಹೀಗೆ 7ಕ್ಕೆ ಇಳಿಯಿತು. ಬಟ್ಟೆ, ರಾತ್ರಿ ಮುಸುರೆ ಗಂಡನ ಪಾಲಿಗೆ ಹೋಯಿತು. ಕಾಯಿಲೆ ಇರುವ ಕೈಗೆ ಮನೆಯವರು ಮೂರು ತಿಂಗಳು ಬಿಡುವು ಕೊಡುವುದು ದೊಡ್ಡ ಮಾತಲ್ಲ, ಕೇಳಿ.

ಗ್ಲೌಸ್ ಹಾಕಿದ ಕೆಲವೇ ನಿಮಿಷಕ್ಕೆ ಗಂದೆ ಏಳುವುದು, ಸೀನು, ಕಣ್ಣಲ್ಲಿ ನೀರು ಬಂದರೆ ಅದು ಲ್ಯಾಟೆಕ್ಸ್ ಅಲರ್ಜಿ ಇರಬಹುದು. ತುಟಿ ಊದಿಕೊಂಡರೆ, ಉಸಿರು ಕಟ್ಟಿದರೆ ಕಾಯಬೇಡಿ, ತಕ್ಷಣ ಎಮರ್ಜೆನ್ಸಿಗೆ ಹೋಗಿ. ಹಾಕಿದ ಒಂದೆರಡು ದಿನಕ್ಕೆ ಮಣಿಕಟ್ಟಿನಲ್ಲಿ ಗ್ಲೌಸಿನ ಅಂಚು ನಿಲ್ಲುವ ಕಡೆಗೆ ಸರಿಯಾಗಿ ಗೆರೆ ಎಳೆದಂತೆ ಇಸುಬು ಬಂದರೆ, ರಬ್ಬರ್ ತಯಾರಿಸಲು ಸೇರಿಸುವ ರಾಸಾಯನಿಕದ ಅಲರ್ಜಿ ಇರಬಹುದು. ಅದು ಲ್ಯಾಟೆಕ್ಸ್ ಇಲ್ಲದ ನೈಟ್ರೈಲ್ ಗ್ಲೌಸಿನಲ್ಲೂ ಇರುವುದುಂಟು, ಬಣ್ಣ ಬದಲಿಸಿದರೆ ಪರಿಹಾರ ಆಗುವುದಿಲ್ಲ.

6. ಅಡುಗೆಯವರಿಗೆ ಬೇರೆ ಮಾತು

ಅಡುಗೆಯವರ ಕೈ ಜಿಡ್ಡಾಗಿರುತ್ತದೆ, ಹಾಗಾಗಿ ಅವರಿಗೆ ಸ್ಯಾನಿಟೈಸರ್ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಬೆಂಕಿಯ ಅಪಾಯ ಬೇರೆ: ಸ್ಪಿರಿಟ್ ಹಚ್ಚಿದ ಕೈ ಪೂರ್ತಿ ಆರುವ ಮುಂಚೆ ಒಲೆ ಹತ್ತಿರ ಹೋಗಲೇಬೇಡಿ, ಬಾಟಲಿಯನ್ನು ಒಲೆ ಪಕ್ಕ ಇಡಬೇಡಿ. ನಿಮ್ಮ ದಾರಿ ಸೋಪು ಬದಲಿಸುವುದು, ತೊಳೆಯುವುದನ್ನು ಒಟ್ಟುಗೂಡಿಸುವುದು, ಕೈ ಬದಲು ಸೌಟು, ಚಮಚ ಹಿಡಿಯುವುದು. ದೋಸೆ ಹಿಟ್ಟನ್ನು ಮೊಣಕೈವರೆಗೆ ಅದ್ದಿ ಕಲಸುವವರು ಮರದ ಹುಟ್ಟು ಬಳಸಿ. ಹುಣಸೆಹಣ್ಣು ಕಿವುಚುವುದು, ಮಿರ್ಚಿಗೆ ಮೆಣಸಿನಕಾಯಿ ಸೀಳುವುದು, ಟೊಮೆಟೊ ಹೆಚ್ಚುವುದು, ಇವಕ್ಕೆ ಗ್ಲೌಸ್. ಒಲೆ ಮುಂದೆ ಗ್ಲೌಸ್ ಬೇಡ, ಕರಗಿ ಕೈಗೆ ಅಂಟುತ್ತದೆ. ಜೋಳದ ರೊಟ್ಟಿಯವರು ಎಸರಿನಲ್ಲಿ ಹಿಟ್ಟು ಕಲಸುವಾಗ ಮೊದಲು ಚಮಚದಲ್ಲಿ ತಿರುವಿ, ಬಿಸಿ ಇಳಿದ ಮೇಲೆ ಕೈ ಹಾಕಿ.

ಬೆಳ್ಳುಳ್ಳಿಯದು ಒಂದು ವಿಶೇಷ ಗುರುತಿದೆ. ಬಲಗೈಯಲ್ಲಿ ಚಾಕು ಹಿಡಿಯುವವರು ಎಸಳನ್ನು ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳಿನ ತುದಿಯಲ್ಲಿ ಒತ್ತಿ ಹಿಡಿಯುತ್ತಾರೆ. ಆ ಮೂರೇ ಬೆರಳಿನ ತುದಿ ಒಣಗಿ, ದಪ್ಪವಾಗಿ, ಸಿಪ್ಪೆ ಎದ್ದು ಬಿರಿದಿದ್ದರೆ, ಉಳಿದ ಕೈ ಚೆನ್ನಾಗಿದ್ದರೆ, ಬೆಳ್ಳುಳ್ಳಿಯನ್ನು ಅನುಮಾನಿಸಿ. ಅದರ ಅಂಶ ತೆಳು ಗ್ಲೌಸನ್ನೂ ದಾಟಿ ಬರುತ್ತದೆ. ಆರು ವಾರ ಬೇರೆಯವರಿಂದ ಸುಲಿಸಿ, ಜಜ್ಜಿಸಿ ನೋಡಿ. ತುದಿ ತಿಳಿಯಾಗುತ್ತಾ ಬಂದರೆ ಉತ್ತರ ಸಿಕ್ಕ ಹಾಗೆ.

7. ಮುಲಾಮು ಮತ್ತು ಡಾಕ್ಟರು

ಇಲ್ಲಿ ದಯವಿಟ್ಟು ನನ್ನ ಮಾತು ಕೇಳಿ. ಮೆಡಿಕಲ್ ಶಾಪಿಗೆ ಹೋಗಿ ಕೈ ತೋರಿಸಿ "ಏನಾದ್ರೂ ಕೊಡಿ" ಅಂತ ಕೇಳಬೇಡಿ. ಸ್ಟೆರಾಯ್ಡ್, ಹುಳುಕಡ್ಡಿ ಔಷಧಿ, ಆಂಟಿಬಯೋಟಿಕ್ ಮೂರೂ ಒಂದೇ ಟ್ಯೂಬಿನಲ್ಲಿ ಕಲಸಿರುವ ಮುಲಾಮು ಕೈಗೆ ಬರುವುದೇ ಹೆಚ್ಚು. ಸ್ಟೆರಾಯ್ಡ್ ಅಂದರೆ ಉರಿಯೂತ ತಗ್ಗಿಸುವ ಔಷಧಿ. ಎರಡು ದಿನಕ್ಕೆ ನವೆ ನಿಲ್ಲುತ್ತದೆ, ಆಹಾ ಅನಿಸುತ್ತದೆ. ಬಿಟ್ಟರೆ ಮತ್ತೆ ಬರುತ್ತದೆ, ಮತ್ತೆ ಹಚ್ಚುತ್ತೀರಿ. ತಿಂಗಳುಗಟ್ಟಲೆ ಹೀಗೆ ನಡೆದರೆ ಚರ್ಮ ತೆಳುವಾಗಿ ಈರುಳ್ಳಿ ಸಿಪ್ಪೆಯ ಹಾಗಾಗುತ್ತದೆ. ಒಂದು ವೇಳೆ ಅದು ಹುಳುಕಡ್ಡಿಯೇ ಆಗಿದ್ದರೆ ಸ್ಟೆರಾಯ್ಡ್ ಬಿದ್ದು ಇನ್ನೂ ಹರಡುತ್ತದೆ.

ಸ್ಟೆರಾಯ್ಡ್ ಕೆಟ್ಟದ್ದು ಅಂತ ಅಲ್ಲ. ಇಸುಬು ಜೋರಾಗಿದ್ದಾಗ ಡಾಕ್ಟರು ಬರೆದುಕೊಟ್ಟದ್ದನ್ನು, ಹೇಳಿದಷ್ಟು ವಾರ, ಮೇಲೆ ಹೇಳಿದ ಬೆರಳ ಅಳತೆಯಲ್ಲಿ ಹಚ್ಚಿದರೆ ಬೇಗ ಇಳಿಯುತ್ತದೆ. ಹೆದರಿ ಮೂರೇ ದಿನಕ್ಕೆ ಬಿಡುವುದೂ ತಪ್ಪೇ. ಆದರೆ ಒದ್ದೆ ಕೆಲಸ ಕಡಿಮೆ ಮಾಡದೆ ಬರೀ ಮುಲಾಮು ಹಚ್ಚಿದರೆ ತೂತಿನ ಕೊಡಕ್ಕೆ ನೀರು ತುಂಬಿದ ಹಾಗೆ.

ಮನೆಯ ಆರೈಕೆಗೆ ಎರಡು ಮೂರು ವಾರ ಕೊಡಿ. ಆಮೇಲೂ ಇಳಿಯದಿದ್ದರೆ ಜಿಲ್ಲಾ ಆಸ್ಪತ್ರೆಯ ಅಥವಾ ಮೆಡಿಕಲ್ ಕಾಲೇಜಿನ ಚರ್ಮರೋಗ ವಿಭಾಗಕ್ಕೆ ತೋರಿಸಿ. ಕೆಲವು ಗುರುತು ಕಂಡರೆ ಅಷ್ಟು ದಿನ ಕಾಯಬೇಡಿ. ಹಳದಿ ನೀರು ಸೋರಿ ಜೇನು ಬಣ್ಣದ ಹೊಪ್ಪಳೆ ಕಟ್ಟಿದರೆ, ಕೀವು, ಬಾವು, ಜ್ವರ ಇದ್ದರೆ ಸೋಂಕು ತಗುಲಿದೆ, ಆವತ್ತೇ ಹೋಗಿ. ಒಂದೇ ಕೈಯ ಅಂಗೈ ಒಣಗಿ ಹೊಟ್ಟು ಏಳುತ್ತಿದ್ದು, ಜೊತೆಗೆ ಎರಡೂ ಪಾದದಲ್ಲಿ ಅದೇ ತರ ಇದ್ದರೆ ಹುಳುಕಡ್ಡಿ ಇರಬಹುದು, ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತಿಳಿಯುತ್ತದೆ. ಬೆರಳ ಸಂದಿ, ಮಣಿಕಟ್ಟಿನಲ್ಲಿ ರಾತ್ರಿ ಹೊತ್ತು ತಡೆಯಲಾಗದ ನವೆ, ಮನೆಯಲ್ಲಿ ಇನ್ನೊಬ್ಬರಿಗೂ ಇದೆ ಅಂದರೆ ಅದು ಕಜ್ಜಿ ಇರಬಹುದು, ಅದಕ್ಕೆ ಔಷಧಿಯೇ ಬೇರೆ, ಮನೆಮಂದಿಗೆಲ್ಲ ಒಟ್ಟಿಗೆ ಆಗಬೇಕು.

ಅಲರ್ಜಿ ಅನುಮಾನ ಇದ್ದರೆ ಪ್ಯಾಚ್ ಟೆಸ್ಟ್ ಮಾಡುತ್ತಾರೆ. ಬೆನ್ನಿನ ಮೇಲೆ ಬೇರೆ ಬೇರೆ ವಸ್ತುಗಳ ಪುಟ್ಟ ಪಟ್ಟಿ ಅಂಟಿಸಿ, ಎರಡು ದಿನಕ್ಕೆ ತೆಗೆದು ನೋಡಿ, ಆಮೇಲೆ ಇನ್ನೊಂದೆರಡು ದಿನ ಬಿಟ್ಟು ಮತ್ತೆ ನೋಡುತ್ತಾರೆ. ಅಷ್ಟು ದಿನ ಬೆನ್ನಿಗೆ ನೀರು ತಾಕುವ ಹಾಗಿಲ್ಲ, ಹಾಗಾಗಿ ಬೆವರು ಕಡಿಮೆ ಇರುವ ಕಾಲ ಮತ್ತು ರಜೆ ನೋಡಿಕೊಂಡು ಹೋಗಿ. ಹೋಗುವಾಗ ನೀವು ಬಳಸುವ ಸೋಪು, ಸ್ಯಾನಿಟೈಸರ್, ಕ್ರೀಮು, ಗ್ಲೌಸ್ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ತಗೊಂಡು ಹೋಗಿ. ಕೈ ಜೋರಾಗಿದ್ದಾಗ ತೆಗೆದ ಫೋಟೋ ಇರಲಿ, ಎಣಿಸಿದ ಚೀಟಿಯೂ ಇರಲಿ. "ಯಾವುದೋ ನೀಲಿ ಬಾಟಲಿ ಸರ್" ಅಂದರೆ ಡಾಕ್ಟರಿಗೆ ಏನೂ ಗೊತ್ತಾಗುವುದಿಲ್ಲ.

8. ವಾಸಿಯಾದ ಹಾಗೆ ಕಂಡ ಮೇಲೆ

ಆ ಸಿಸ್ಟರ್ ಸೋಪು ನೀರಿನ ಲೆಕ್ಕದಲ್ಲಿ 33ರಿಂದ 13ಕ್ಕೆ ಬಂದಳು, ವಾರ್ಡಿನಲ್ಲಿ 6, ಮನೆಯಲ್ಲಿ 7. ಸ್ಯಾನಿಟೈಸರ್ 13 ಸಲ ಬೇರೆ. ಮೊದಲ ವಾರ ಡಾಕ್ಟರು ಕೊಟ್ಟ ಮುಲಾಮು, ರಾತ್ರಿ ಜೆಲ್ಲಿ, ಬೇರೆ ಕೆಲಸ. ಎರಡನೇ ವಾರ ಬಿರುಕು ಕೂಡಿತು, ಸ್ಯಾನಿಟೈಸರ್ ಶುರುಮಾಡಿದಳು, ಚುರ್ ಅಂದಿತು ಅಷ್ಟೇ. ನಾಲ್ಕನೇ ವಾರ ಕೈ ಕನ್ನಡಿಯ ಹಾಗಿತ್ತು. ಐದನೇ ವಾರ ಮನೆಯಲ್ಲಿ ಹಬ್ಬ ಬಂತು. ಕೈ ಸರಿಹೋಗಿದೆಯಲ್ಲ ಅಂತ ಒಂದೇ ದಿನ ಗ್ಲೌಸ್ ಇಲ್ಲದೆ ಹಿತ್ತಾಳೆ ಪಾತ್ರೆಗಳನ್ನೆಲ್ಲ ಹುಣಸೆಹಣ್ಣು ಹಾಕಿ ಬೆಳಗಿದಳು. ಮೂರನೇ ದಿನಕ್ಕೆ ಉಂಗುರದ ಬೆರಳ ಸಂದಿ ಮತ್ತೆ ಕೆಂಪು.

ಕಣ್ಣಿಗೆ ಚೆನ್ನಾಗಿ ಕಂಡ ಮೇಲೂ ಗೋಡೆ ಒಳಗೊಳಗೆ ಗಟ್ಟಿಯಾಗಲು ಇನ್ನೂ ನಾಲ್ಕೈದು ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೆ ಗ್ಲೌಸ್, ರಾತ್ರಿಯ ಜೆಲ್ಲಿ, ಸೋಪಾದ ಮೇಲಿನ ಕ್ರೀಮು ಬಿಡಬೇಡಿ. ನಮ್ಮ ಕಡೆ ನವೆಂಬರಿನಿಂದ ಒಣಗಾಳಿ ಶುರುವಾದಾಗ ಕ್ರೀಮು ಒಂದೆರಡು ಸಲ ಹೆಚ್ಚು ಮಾಡಿ. ತಿಂಗಳಿಗೊಮ್ಮೆ ಚೀಟಿ ತೆಗೆದು ಒಂದು ದಿನ ಮತ್ತೆ ಎಣಿಸಿ, ಗೊತ್ತಾಗದ ಹಾಗೆ ಲೆಕ್ಕ ಮೇಲೇರಿರುತ್ತದೆ. ಅವಳದು ಹಬ್ಬದ ವಾರ 26 ಆಗಿತ್ತು. ಮತ್ತೆ ಇಳಿಸಿದಳು. ಈಗ ಆರನೇ ತಿಂಗಳು, ಉಂಗುರ ಇನ್ನೂ ಬೀರುವಿನಲ್ಲೇ ಇದೆ, ಡ್ಯೂಟಿ ಇಲ್ಲದ ದಿನ ಮಾತ್ರ ಹಾಕುತ್ತಾಳೆ.